ಜಗಲಿಯ ಫೋಟೊ: ಗಾಜಿನಲ್ಲಿ ನಾನೂ ಇದ್ದೇನೆ, ಟ್ಯೂಬ್‌ಲೈಟೂ ಇದೆ. ತೆಗೆಯುವುದು ಹೇಗೆ?

ಶಿರಸಿಯ ಮೊಮ್ಮಗಳು

ಊರಿನ ಮನೆಯ ಜಗಲಿಯಲ್ಲಿ ಅಜ್ಜ–ಅಜ್ಜಿಯ ಒಂದೇ ಒಂದು ಒಳ್ಳೆಯ ಫೋಟೊ ಇದೆ. ಅಜ್ಜ ಕಪ್ಪು ಕೋಟು, ಬಿಳಿ ಪಂಚೆಯಲ್ಲಿ ಕುಳಿತಿದ್ದಾರೆ, ಅಜ್ಜಿ ಪಕ್ಕದಲ್ಲಿ ನಿಂತಿದ್ದಾರೆ. ನೆಗೆಟಿವ್ ಇಲ್ಲ, ಬೇರೆ ಪ್ರತಿಯೂ ಇಲ್ಲ. ಕಳೆದ ವಾರ ಹೋದಾಗ ಮೊಬೈಲಿನಲ್ಲಿ ಮೂರು ಸಲ ತೆಗೆದುಕೊಂಡು ಬಂದೆ. ಬೆಂಗಳೂರಿಗೆ ಬಂದು ದೊಡ್ಡ ಪರದೆಯಲ್ಲಿ ನೋಡಿದರೆ ಎದೆ ಧಸಕ್ಕೆಂದಿತು. ಫೋಟೊ ಹೆಬ್ಬಾಗಿಲಿನ ಎದುರಿನ ಗೋಡೆಯಲ್ಲಿದೆ. ಹಾಗಾಗಿ ಗಾಜಿನಲ್ಲಿ ಬಾಗಿಲಿನ ಬೆಳಕು, ಅದರ ನಡುವೆ ಮೊಬೈಲ್ ಹಿಡಿದ ನನ್ನ ಕಪ್ಪು ಆಕೃತಿ. ಅದು ಅಜ್ಜನ ಕೋಟಿನ ಅರ್ಧ ಭಾಗ ಮತ್ತು ಪಂಚೆಯ ಮೇಲೆ ಬಿದ್ದಿದೆ. ಅಜ್ಜಿಯ ಎಡ ಭುಜದ ಮೇಲೆ ಟ್ಯೂಬ್‌ಲೈಟಿನ ಬಿಳಿ ಪಟ್ಟೆ.

ಚೌಕಟ್ಟು ಬಿಚ್ಚಿ ತೆಗೆಯಿರಿ ಎನ್ನಬೇಡಿ. ಫೋಟೊ ಗಾಜಿಗೆ ಅಂಟಿಕೊಂಡುಬಿಟ್ಟಿದೆ. ಮೂರು ಚಿತ್ರಗಳಲ್ಲಿ ಒಂದನ್ನು ಎದುರಿನಿಂದ ತೆಗೆದಿದ್ದೇನೆ, ಇನ್ನೆರಡನ್ನು ಸ್ವಲ್ಪ ಎಡಕ್ಕೂ ಬಲಕ್ಕೂ ಸರಿದು. ನನ್ನ ನೆರಳನ್ನು ಅಳಿಸಿ ಮುದ್ರಣಕ್ಕೆ ಕೊಡಬಹುದೇ?

ಬೆಳಕಿನ ಬೇಟೆ

ಮುಂದಿನ ಸಲ ಹೋಗುವಾಗ ಪೋಲರೈಸರ್ ಫಿಲ್ಟರ್ ಒಯ್ಯಿರಿ. ತಿರುಗಿಸುತ್ತ ಹೋದರೆ ಗಾಜೇ ಇಲ್ಲವೇನೋ ಎನ್ನುವಷ್ಟು ಸ್ವಚ್ಛವಾಗುತ್ತದೆ. ಕೆರೆಯ ನೀರಿನ ಹೊಳಪನ್ನು ನಾನು ಹಾಗೆಯೇ ತೆಗೆಯುವುದು. ಸದ್ಯಕ್ಕೆ ಜಿಂಪ್‌ನಲ್ಲಿ ನಿಮ್ಮ ಆಕೃತಿಯನ್ನು ಆಯ್ದುಕೊಂಡು ಆ ಭಾಗವನ್ನಷ್ಟೇ ಬೆಳಗಿಸಿ. ಸುತ್ತಲಿನ ಭಾಗಕ್ಕೆ ಸಮನಾದರೆ ನೆರಳು ಮಾಯ.

ಹಳೇ ಸ್ಟುಡಿಯೊ

ಅಮ್ಮಾ, ದಯವಿಟ್ಟು ಆ ಭಾಗವನ್ನು ಬೆಳಗಿಸಬೇಡಿ. ನಿಮ್ಮ ಚಿತ್ರದಲ್ಲಿ ಅತ್ಯಂತ ಸರಿಯಾಗಿ ಬಂದಿರುವುದು ನೀವು ಅಳಿಸಬೇಕೆಂದಿರುವ ಆ ನೆರಳಿನ ಜಾಗವೇ.

ಮೂವತ್ತು ವರ್ಷ ಸ್ಟುಡಿಯೊ ನಡೆಸಿದವನು ನಾನು. ತೀರಿಕೊಂಡವರ ಫೋಟೊ ಹಿಡಿದು, ಗಾಜಿನ ಸಮೇತ ಪ್ರತಿ ತೆಗೆದುಕೊಡಿ ಎಂದು ಬಂದವರಿಗೆ ಲೆಕ್ಕವಿಲ್ಲ. ಎಲ್ಲರೂ ಮಾಡುವ ತಪ್ಪು ಇದೇ. ಗಾಜಿನ ಮೇಲಿನ ಪ್ರತಿಬಿಂಬ ಫೋಟೊಕ್ಕೆ ಬೆಳಕನ್ನು ಸೇರಿಸುತ್ತದೆಯೇ ಹೊರತು ಎಂದೂ ಕಡಿಮೆ ಮಾಡುವುದಿಲ್ಲ. ನಿಮ್ಮ ಗಾಜಿನಲ್ಲಿ ಕಾಣುತ್ತಿರುವುದು ಬೆಳಕು ತುಂಬಿದ ಬಾಗಿಲು. ನೀವು ಆ ಬಾಗಿಲಿಗೆ ಅಡ್ಡ ನಿಂತಿರಿ. ನಿಮ್ಮ ದೇಹ ಎಲ್ಲಿ ಬಾಗಿಲನ್ನು ಮರೆಮಾಡಿತೋ ಅಲ್ಲಿ ಗಾಜಿನ ಮುಸುಕು ಇಲ್ಲ, ಅಜ್ಜನ ಕೋಟು ಇದ್ದ ಹಾಗೆ ಕಾಣುತ್ತಿದೆ. ಉಳಿದ ಕಡೆಯೆಲ್ಲ ಬಾಗಿಲಿನ ಬೆಳಕು ತೆಳ್ಳಗೆ ಹೊದ್ದುಕೊಂಡಿದೆ. ನೆರಳನ್ನು ಬೆಳಗಿಸಿದರೆ ಉಳಿದಿರುವ ಒಂದು ಒಳ್ಳೆಯ ಜಾಗವನ್ನೂ ಕೆಟ್ಟದ್ದರ ಮಟ್ಟಕ್ಕೆ ಇಳಿಸಿದ ಹಾಗೆ.

ಗಾಜಿನ ಒಂದೊಂದು ಮೈ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 4ರಷ್ಟನ್ನು ವಾಪಸ್ಸು ಕಳಿಸುತ್ತದೆ. ಎರಡು ಮೈ ಸೇರಿ ಶೇಕಡಾ 8. ಇದೇನು ಮಹಾ ಅನಿಸಬಹುದು. ಆದರೆ ಫೋಟೊದ ಕಪ್ಪು ಕೋಟು ತಾನು ಹಿಂದಿರುಗಿಸುವ ಬೆಳಕೇ ಅಷ್ಟು ಅಥವಾ ಅದಕ್ಕಿಂತ ಕಡಿಮೆ. ಅದಕ್ಕೇ ಕೋಟಿನ ಮೇಲೆ ಮುಸುಕು ಎದ್ದು ಕಾಣುತ್ತದೆ, ಪಂಚೆಯ ಮೇಲೆ ಕಾಣುವುದೇ ಇಲ್ಲ.

ಒಂದು ಕೆಲಸ ಮಾಡಿ. ಎದುರಿನಿಂದ ತೆಗೆದ ಚಿತ್ರದಲ್ಲಿ, ಬಣ್ಣ ಅಳೆಯುವ ಡ್ರಾಪರ್‌ನಿಂದ ಕೋಟಿನ ಬಣ್ಣವನ್ನು ನಿಮ್ಮ ನೆರಳಿನ ಒಳಗೊಮ್ಮೆ, ಹೊರಗೊಮ್ಮೆ ಅಳೆದು ಇಲ್ಲಿ ಬರೆಯಿರಿ. ಪಂಚೆಯದ್ದೂ ಬೇಕು. ಡ್ರಾಪರ್ ಒಂದೇ ಚುಕ್ಕಿಯನ್ನಲ್ಲ, ಅಗಲವಾದ ಜಾಗದ ಸರಾಸರಿಯನ್ನು ತೆಗೆದುಕೊಳ್ಳುವಂತೆ ಹೊಂದಿಸಿಕೊಳ್ಳಿ.

ಕಿಟಕಿ ಸೀಟು

ನನಗೂ ಇದೇ ತೊಂದರೆ. ರಾತ್ರಿ ರೈಲಿನಲ್ಲಿ ಕಿಟಕಿಯಿಂದ ತೆಗೆದ ಚಿತ್ರದಲ್ಲೆಲ್ಲ ಬೋಗಿಯ ದೀಪ, ನನ್ನ ಮೂಗು, ಎದುರು ಸೀಟಿನವರ ಊಟದ ತಟ್ಟೆ. ಇದಕ್ಕೂ ಯಾವುದಾದರೂ ಲೆಕ್ಕ ಉಂಟೇ?

ಹಳೇ ಸ್ಟುಡಿಯೊ

ನಿಮ್ಮದಕ್ಕೆ ಲೆಕ್ಕ ಬೇಡ, ಶಾಲು ಸಾಕು. ಮೊಬೈಲನ್ನು ಗಾಜಿಗೆ ಒತ್ತಿ ಹಿಡಿದು, ಸುತ್ತ ಗಾಢ ಬಣ್ಣದ ಶಾಲು ಮುಚ್ಚಿ. ಒಳಗಿನ ಬೆಳಕು ಲೆನ್ಸಿನ ಮುಂದಿನ ಗಾಜನ್ನು ತಲುಪದಿದ್ದರೆ ಪ್ರತಿಬಿಂಬವೂ ಇಲ್ಲ. ಫೋಟೊದ ಗಾಜಿಗೆ ಹೀಗೆ ಅಂಟಿ ನಿಲ್ಲಲಾಗುವುದಿಲ್ಲ, ಅದಕ್ಕೇ ಇಷ್ಟು ರಾಮಾಯಣ.

ಶಿರಸಿಯ ಮೊಮ್ಮಗಳು

ಸರ್, ಅಳೆದೆ. ಕೋಟು ನನ್ನ ನೆರಳಿನ ಒಳಗೆ 38, ಹೊರಗೆ 92. ಕೆಂಪು ಹಸಿರು ಎರಡಕ್ಕೂ ಅಷ್ಟೇ, ನೀಲಿಯಲ್ಲಿ ಮಾತ್ರ ಹೊರಗಿನದು ಮೂರ್ನಾಲ್ಕು ಹೆಚ್ಚು. ಪಂಚೆ ಒಳಗೆ 200. ಹೊರಗಿನದನ್ನು ಅಳೆಯುವಷ್ಟರಲ್ಲಿ ಕರೆಂಟು ಹೋಯಿತು.

ಆದರೆ ಲೆಕ್ಕ ಸುಲಭವಾಯಿತಲ್ಲವೇ? 92ರಿಂದ 38 ಕಳೆದರೆ 54. ಹೊರಗಿನ ಎಲ್ಲದರಿಂದ 54 ಕಳೆದುಬಿಟ್ಟರೆ ಆಯಿತು?

ಹಳೇ ಸ್ಟುಡಿಯೊ

ಹಾಗೆ ಕಳೆದರೆ ಪಂಚೆ ಮಣ್ಣಿನ ಬಣ್ಣವಾಗುತ್ತದೆ. ಕರೆಂಟು ಬರುವ ಮುಂಚೆಯೇ ಹೇಳುತ್ತೇನೆ, ಹೊರಗಿನ ಪಂಚೆ 213ರ ಆಸುಪಾಸು ಇರುತ್ತದೆ. ಆಮೇಲೆ ನೋಡಿ ಹೇಳಿ.

ಕಡತದಲ್ಲಿರುವ ಈ 0ರಿಂದ 255ರ ಅಂಕಿ ಬೆಳಕಿನ ನೇರ ಅಳತೆಯಲ್ಲ. ನಮ್ಮ ಕಣ್ಣು ಕತ್ತಲೆಯ ಸಣ್ಣ ವ್ಯತ್ಯಾಸಗಳನ್ನು ಚೆನ್ನಾಗಿ ಗುರುತಿಸುತ್ತದೆ ಎಂದು ಕಪ್ಪಿನ ಕಡೆಗೆ ಹೆಚ್ಚು ಮೆಟ್ಟಿಲುಗಳನ್ನು ಕೊಟ್ಟಿದ್ದಾರೆ. ನಿಜವಾದ ಬೆಳಕಿಗೆ ತಿರುಗಿಸಿದರೆ, ಅಚ್ಚ ಬಿಳಿಯನ್ನು 100 ಎಂದುಕೊಂಡಾಗ 38 ಎಂಬುದು 2ರಷ್ಟು, 92 ಎಂಬುದು ಸುಮಾರು 10.7. ಅಂದರೆ ಗಾಜು ಸೇರಿಸಿದ ಬೆಳಕು 8.7ರಷ್ಟು. ಪಂಚೆಯ 200 ಎಂದರೆ ಸುಮಾರು 58. ಅದಕ್ಕೂ ಅದೇ 8.7 ಸೇರಿ 66 ಮುಕ್ಕಾಲಿನ ಹತ್ತಿರ ಬರುತ್ತದೆ, ಅಂಕಿಯಲ್ಲಿ ಅದು 213. ಸೇರಿದ ಬೆಳಕು ಎರಡಕ್ಕೂ ಒಂದೇ. ಕೋಟು 54 ಮೆಟ್ಟಿಲು ಹತ್ತಿದರೆ ಪಂಚೆ ಹದಿಮೂರೇ ಹತ್ತಿತು.

ಹಾಗಾಗಿ ಕಳೆಯುವುದನ್ನು ನಿಜವಾದ ಬೆಳಕಿನ ಲೆಕ್ಕದಲ್ಲೇ ಕಳೆಯಬೇಕು. ಜಿಂಪ್‌ನಲ್ಲಿ ಚಿತ್ರದ ಮೇಲೆ ಹೊಸ ಲೇಯರ್ ಹಾಕಿ, ಬೂದು ಬಣ್ಣ ತುಂಬಿ. ಆ 8.7ಕ್ಕೆ ಸಮನಾದ ಬೂದು 84. ನೀಲಿ ಸ್ವಲ್ಪ ಹೆಚ್ಚು ಎಂದಿರಿ, ಹೆಬ್ಬಾಗಿಲಿನಿಂದ ಬಂದದ್ದು ಆಕಾಶದ ಬೆಳಕಲ್ಲವೇ, ಆದ್ದರಿಂದ ನೀಲಿಗೆ 88 ಕೊಡಿ. ಲೇಯರಿನ ಮೋಡ್ `Subtract` ಮಾಡಿ. ಲೇಯರ್ ಮೇಲೆ ಬಲಗುಂಡಿ ಒತ್ತಿದರೆ `Blend Space` ಸಿಗುತ್ತದೆ, ಅದರಲ್ಲಿ `RGB (linear)` ಆರಿಸಿ. ಇದನ್ನು ಮರೆತರೆ ಪಂಚೆ ಮಣ್ಣಾಗುವ ಕಥೆಯೇ. ಕೊನೆಗೆ ಆ ಲೇಯರಿಗೆ ಬಿಳಿ ಮಾಸ್ಕ್ ಹಾಕಿ, ನಿಮ್ಮ ಆಕೃತಿ ಇರುವಲ್ಲಿ ಕಪ್ಪು ಬಳಿಯಿರಿ. ಅಲ್ಲಿ ಕಳೆಯುವುದು ಏನೂ ಇಲ್ಲ.

ಮಾಸ್ಕಿನ ಅಂಚನ್ನು ಕತ್ತರಿಸಿದ ಹಾಗೆ ಬಿಡಬೇಡಿ. ನೀವು ಗಾಜಿನಿಂದ ನಾಲ್ಕು ಅಡಿ ದೂರ ನಿಂತಿದ್ದರೆ ನಿಮ್ಮ ಪ್ರತಿಬಿಂಬ ಗಾಜಿನ ಹಿಂದೆ ನಾಲ್ಕು ಅಡಿಯಲ್ಲಿದೆ. ಲೆನ್ಸಿನಿಂದ ಫೋಟೊ ನಾಲ್ಕು ಅಡಿ, ನೀವು ಎಂಟು ಅಡಿ. ಫೋಕಸ್ ಫೋಟೊದ ಮೇಲಿರುವುದರಿಂದ ನಿಮ್ಮ ಅಂಚು ಸ್ವಲ್ಪ ಮಸುಕು. ಎಷ್ಟು ಪಿಕ್ಸೆಲ್‌ಗಳಲ್ಲಿ ಕಪ್ಪು ಬೂದಿಗೆ ತಿರುಗುತ್ತದೆ ಎಂದು ಹತ್ತಿರದಿಂದ ನೋಡಿ, ಮಾಸ್ಕನ್ನೂ ಅಷ್ಟೇ ಮಸುಕು ಮಾಡಿ.

ಕಟ್ಟು ಹಾಕುವವ

ಫೋಟೊ ಅಂಟಿಕೊಂಡಿದೆ ಎಂದರಲ್ಲ, ಅದರ ಬಗ್ಗೆ ಎರಡು ಮಾತು. ಮಲೆನಾಡಿನ ಕಡೆಯಿಂದ ಬರುವ ಕಟ್ಟುಗಳಲ್ಲಿ ಇದು ತುಂಬಾ ಸಾಮಾನ್ಯ. ಫೋಟೊದ ಮೇಲ್ಪದರ ಜೆಲಟಿನ್, ಮಳೆಗಾಲದ ತೇವಕ್ಕೆ ಮೆತ್ತಗಾಗಿ ಗಾಜಿಗೆ ಹಿಡಿದುಕೊಳ್ಳುತ್ತದೆ. ನಡುವೆ ಅಂತರ ಇಡದೆ ಕಟ್ಟು ಹಾಕಿದ್ದೇ ಕಾರಣ. ಓರೆಯಾಗಿ ನೋಡಿದರೆ ಅಂಟಿದ ಕಡೆ ಒದ್ದೆಯಾದಂತೆ ಗಾಢವಾಗಿ, ಅಂಟದ ಕಡೆ ಸ್ವಲ್ಪ ಪೇಲವವಾಗಿ ಕಾಣುತ್ತದೆ. ಬ್ಲೇಡು ತೂರಿಸಬೇಡಿ, ಹೇರ್ ಡ್ರೈಯರ್ ಹಿಡಿಯಬೇಡಿ. ಗಾಜು ಬರುತ್ತದೆ, ಅದರ ಜೊತೆ ಮುಖವೂ ಬರುತ್ತದೆ.

ಮಳೆಹನಿ

ನಮ್ಮ ಮಾವ ನೀರಿನಲ್ಲಿ ನೆನೆಸಿ ಬಿಡಿಸಿದ್ದರು, ಚೆನ್ನಾಗಿಯೇ ಬಂತು.

ಕಟ್ಟು ಹಾಕುವವ

ಬಂದದ್ದು ನಿಮ್ಮ ಮಾವನ ಪುಣ್ಯ. ಕೈಯಿಂದ ಬಣ್ಣ ಹಚ್ಚಿದ ಫೋಟೊ ಆಗಿದ್ದರೆ ಬಣ್ಣ ನೀರಿಗೆ ಹೋಗಬಹುದು, ಬೂಷ್ಟು ಹಿಡಿದ ಜೆಲಟಿನ್ ಆಗಿದ್ದರೆ ಪದರವೇ ಕರಗಬಹುದು. ಒಂದೇ ಪ್ರತಿ ಇರುವಾಗ ನಾನಂತೂ ಆ ಕೆಲಸಕ್ಕೆ ಕೈ ಹಾಕುವುದಿಲ್ಲ. ಮೊದಲು ಗಾಜಿನ ಮೂಲಕವೇ ಒಳ್ಳೆಯ ಪ್ರತಿ ಆಗಲಿ.

ಶಿರಸಿಯ ಮೊಮ್ಮಗಳು

ಪಂಚೆ 211! ಸರ್, ನಿಮ್ಮ ಲೆಕ್ಕಕ್ಕೆ ನಮಸ್ಕಾರ.

ಕಳೆದು ನೋಡಿದೆ. ಅಜ್ಜನ ಕೋಟಿನ ಗುಂಡಿಗಳು ಕಾಣತೊಡಗಿದವು. ಅಲ್ಲಿ ಗುಂಡಿ ಇದೆ ಎಂದೇ ನನಗೆ ಗೊತ್ತಿರಲಿಲ್ಲ. ಆದರೆ ಎರಡು ತೊಂದರೆಗಳು. ನನ್ನ ಆಕೃತಿಯ ಸುತ್ತ, ಮುಖ್ಯವಾಗಿ ಮೊಣಕೈ ಹತ್ತಿರ, ತೆಳ್ಳಗೆ ಬಿಳಿ ಗೆರೆ ಉಳಿದಿದೆ. ಹಾಗೆಯೇ ಫೋಟೊದ ಮೇಲ್ಭಾಗ ಸರಿಯಾದರೆ ಕೆಳಭಾಗ ತೀರಾ ಕಪ್ಪಾಗುತ್ತದೆ. ಟ್ಯೂಬ್‌ಲೈಟ್ ಪಟ್ಟೆ ಮಾತ್ರ ಬಿಳಿಯಿಂದ ಬೂದಾಯಿತು, ಅಷ್ಟೇ.

ಹಳೇ ಸ್ಟುಡಿಯೊ

ಬಿಳಿ ಗೆರೆ ಎಂದರೆ ಮಾಸ್ಕಿನ ಕಪ್ಪು ನಿಮ್ಮ ಆಕೃತಿಗಿಂತ ಸ್ವಲ್ಪ ದೊಡ್ಡದಾಗಿದೆ, ಮುಸುಕು ಇರುವ ಕಡೆ ಕಳೆದಿಲ್ಲ. ಕಪ್ಪು ಗೆರೆ ಬಂದಿದ್ದರೆ ಚಿಕ್ಕದಾಗಿದೆ ಎಂದರ್ಥ. ಗೆರೆಯ ಬಣ್ಣ ನೋಡಿ ಯಾವ ಕಡೆಗೆ ತಿದ್ದಬೇಕು ಎಂದು ತಿಳಿಯುತ್ತದೆ.

ಮೇಲೆ ಕೆಳಗೆ ವ್ಯತ್ಯಾಸ ಬಂದದ್ದು ಬಾಗಿಲಿನ ಬೆಳಕು ಎಲ್ಲ ಕಡೆ ಒಂದೇ ಇಲ್ಲದ್ದರಿಂದ. ಬಾಗಿಲಿನ ಮೇಲ್ಭಾಗದಲ್ಲಿ ಆಕಾಶ, ಕೆಳಗೆ ಅಂಗಳ. ಒಂದೇ ಬೂದು ತುಂಬುವ ಬದಲು ಮೇಲಿನಿಂದ ಕೆಳಕ್ಕೆ ಇಳಿಯುವ ಬೂದು ತುಂಬಿ. ಎಷ್ಟು ಎಂಬುದಕ್ಕೆ ಮತ್ತೆ ಅಳತೆ ಬೇಕು: ಫೋಟೊದಲ್ಲಿ ಒಂದೇ ಬಣ್ಣದ ವಸ್ತು ಮೇಲೂ ಕೆಳಗೂ ಎಲ್ಲಿದೆ ಎಂದು ಹುಡುಕಿ. ಮೊಬೈಲ್ ತಾನೇ ಚಿತ್ರವನ್ನು ಅಲ್ಲಲ್ಲಿ ಬೆಳಗಿಸಿ ತಿದ್ದಿರುತ್ತದೆ, ಆದ್ದರಿಂದ ನೂರಕ್ಕೆ ನೂರು ಹೊಂದುವುದಿಲ್ಲ. ನಿಮ್ಮ ಪಂಚೆ 213 ಬರದೆ 211 ಬಂದದ್ದಕ್ಕೂ ಅದೇ ಕಾರಣವಿರಬಹುದು.

ಟ್ಯೂಬ್‌ಲೈಟ್ ಪಟ್ಟೆಯನ್ನು ಅಳೆದು ನೋಡಿ. 255, 255, 255 ಬಂದರೆ ಅಲ್ಲಿ ಅಜ್ಜಿಯ ಭುಜ ಇಲ್ಲ. ತುಂಬಿ ಹರಿದ ಕೊಡದಲ್ಲಿ ಎಷ್ಟು ನೀರು ಹೊರಗೆ ಹೋಯಿತು ಎಂದು ಕೊಡವನ್ನು ನೋಡಿ ಹೇಳಲಾಗದು. ಅದಕ್ಕೆ ಬೇರೆ ಚಿತ್ರದಿಂದಲೇ ತರಬೇಕು. ಎಡಕ್ಕೂ ಬಲಕ್ಕೂ ಸರಿದು ತೆಗೆದ ಎರಡು ಇವೆಯಲ್ಲ, ಅವುಗಳಲ್ಲಿ ಪಟ್ಟೆ ಎಲ್ಲಿದೆ?

ಶಿರಸಿಯ ಮೊಮ್ಮಗಳು

255 ಮೂರೂ. ಎಡದಿಂದ ತೆಗೆದದ್ದರಲ್ಲಿ ಪಟ್ಟೆ ಫೋಟೊದ ಹೊರಗೆ, ಚೌಕಟ್ಟಿನ ಮೇಲೆ ಹೋಗಿದೆ. ಬಲದ್ದರಲ್ಲಿ ಅಜ್ಜಿಯ ಮುಖದ ಮೇಲೆ ಬಂದಿದೆ.

ಆಜ್ಞಾಸಾಲು

ಹಾಗಾದರೆ ಕೆಲಸ ಆದಂತೆಯೇ. ಪ್ರತಿಬಿಂಬ ಬೆಳಕನ್ನು ಸೇರಿಸುತ್ತದೆ ಎಂದಾದ ಮೇಲೆ, ಮೂರು ಚಿತ್ರಗಳಲ್ಲಿ ಪ್ರತಿ ಪಿಕ್ಸೆಲಿಗೂ ಅತ್ಯಂತ ಕಡಿಮೆ ಬೆಳಕಿನದನ್ನು ಉಳಿಸಿಕೊಂಡರೆ ಸಾಕು. ಮೊದಲು ಮೂರನ್ನೂ ಒಂದರ ಮೇಲೊಂದು ಕೂರುವಂತೆ ಸರಿಪಡಿಸಿ, ಆಮೇಲೆ ಇಮೇಜ್‌ಮ್ಯಾಜಿಕ್‌ನಲ್ಲಿ:

```
magick eduru.tif eda.tif bala.tif -evaluate-sequence Min kone.tif
```

ಒಂದೇ ಸಾಲು.

ಶಿರಸಿಯ ಮೊಮ್ಮಗಳು

ಜಿಂಪ್‌ನ `Handle Transform` ಉಪಕರಣದಿಂದ ಚೌಕಟ್ಟಿನ ಒಳಮೂಲೆ ನಾಲ್ಕನ್ನೂ ಹೊಂದಿಸಿದೆ. ಆ ಸಾಲನ್ನು ಓಡಿಸಿದೆ. ಪಟ್ಟೆ ಹೋಯಿತು. ಆದರೆ ಇಡೀ ಚಿತ್ರ ಬಲದಿಂದ ತೆಗೆದದ್ದರಂತೆಯೇ ಕಾಣುತ್ತಿದೆ, ಅಜ್ಜಿಯ ಮುಖ ಬಿಟ್ಟು. ಅಜ್ಜಿಗೆ ರೆಪ್ಪೆ ಎರಡೆರಡು ಬಂದಿವೆ.

ಹಳೇ ಸ್ಟುಡಿಯೊ

ಒಂದೇ ಸಾಲಿನ ಹಿಂದೆ ಎರಡು ಶರತ್ತುಗಳಿವೆ. ಮೊದಲನೆಯದು, ಮೂರೂ ಒಂದೇ ಎಕ್ಸ್‌ಪೋಷರ್‌ನಲ್ಲಿ ಇರಬೇಕು. ಬಲದ ಚಿತ್ರದಲ್ಲಿ ಟ್ಯೂಬ್‌ಲೈಟ್ ನಡುಭಾಗಕ್ಕೆ ಬಂದಿತು, ಮೊಬೈಲ್ ಬೆದರಿ ಇಡೀ ಚಿತ್ರವನ್ನು ಕಪ್ಪು ಮಾಡಿತು. ಈಗ ಎಲ್ಲ ಕಡೆ ಕಡಿಮೆ ಬೆಳಕಿನದು ಅದೇ ಆದ್ದರಿಂದ ಅದೇ ಗೆದ್ದಿತು. ಎರಡನೆಯದು, ಒಂದು ಪಿಕ್ಸೆಲ್ ಆಚೀಚೆ ಆದರೂ ಕಪ್ಪು ಗೆರೆಗಳೆಲ್ಲ ಎರಡಾಗಿ ಉಳಿಯುತ್ತವೆ. ರೆಪ್ಪೆ, ಸೀರೆಯ ಅಂಚು, ಕೂದಲಿನ ಬೈತಲೆ ಇವುಗಳಲ್ಲಿ ಮೊದಲು ಗೊತ್ತಾಗುವುದು.

ಚೌಕಟ್ಟಿನ ಮೂಲೆಗಳನ್ನು ನಂಬಬೇಡಿ. ಚೌಕಟ್ಟು ಗಾಜಿನ ಮುಂದಿದೆ, ಫೋಟೊ ಹಿಂದಿದೆ. ಓರೆಯಿಂದ ನೋಡಿದಾಗ ಚೌಕಟ್ಟು ಫೋಟೊದ ಸ್ವಲ್ಪ ಭಾಗವನ್ನು ಮುಚ್ಚುತ್ತದೆ. ಫೋಟೊದೊಳಗಿನ ಗುರುತುಗಳನ್ನೇ ಹಿಡಿಯಿರಿ: ಅಜ್ಜನ ಮೇಲಿನ ಗುಂಡಿ, ಅಜ್ಜಿಯ ಬಳೆ, ಕುರ್ಚಿಯ ಕಾಲು, ಹಿನ್ನೆಲೆಯ ಪರದೆಯ ಮೂಲೆ. ಮೇಲಿನ ಲೇಯರನ್ನು `Difference` ಮಾಡಿದರೆ ಹೊಂದಿದ ಕಡೆ ಕಪ್ಪಾಗುತ್ತದೆ. ನನ್ನನ್ನು ಕೇಳಿದರೆ ಬಲದ ಚಿತ್ರವನ್ನು ಬಿಟ್ಟುಬಿಡಿ. ಎಡದ್ದರಿಂದ ಆ ಭುಜದ ತುಂಡನ್ನಷ್ಟೇ ತಂದು ಕೂರಿಸಿ.

ಬೆಳಕಿನ ಬೇಟೆ

ಇಷ್ಟೆಲ್ಲ ಕಷ್ಟಪಡುವ ಬದಲು ಪೋಲರೈಸರ್ ತರಬಹುದಿತ್ತು ಎಂದೇ ನನಗೆ ಈಗಲೂ ಅನಿಸುತ್ತದೆ.

ಹಳೇ ಸ್ಟುಡಿಯೊ

ಕೆರೆಯ ನೀರನ್ನು ನೀವು ಓರೆಯಾಗಿ ನೋಡುತ್ತೀರಿ, ಅದಕ್ಕೇ ಅಲ್ಲಿ ಕೆಲಸ ಮಾಡುತ್ತದೆ. ಗಾಜಿಗೆ ನೇರ ಎದುರು ನಿಂತಾಗ ಹಿಂದಿರುಗುವ ಬೆಳಕಿಗೆ ಒಂದು ದಿಕ್ಕಿನ ಒಲವು ಇರುವುದಿಲ್ಲ. ಫಿಲ್ಟರ್ ಎಷ್ಟು ತಿರುಗಿಸಿದರೂ ಪ್ರತಿಬಿಂಬವೂ ಫೋಟೊವೂ ಒಟ್ಟಿಗೇ ಕಪ್ಪಾಗುತ್ತವೆ. ಗಾಜಿಗೆ ಅದು ಪೂರ್ತಿ ಫಲ ಕೊಡುವುದು ನೇರದಿಂದ ಸುಮಾರು 56 ಡಿಗ್ರಿ ಓರೆಯಾದಾಗ. ಅಷ್ಟು ಓರೆಯಿಂದ ನೋಡಿದರೆ ಫೋಟೊದ ಅಗಲ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಉಳಿಯುತ್ತದೆ. ಆಮೇಲೆ ಹಿಗ್ಗಿಸಿ ಸರಿಮಾಡಬಹುದು, ದೂರದ ಅಂಚಿನ ವಿವರ ಮಾತ್ರ ಹಿಗ್ಗುವುದಿಲ್ಲ.

ಬೆಳಕಿನ ಬೇಟೆ

ಮನೆಯಲ್ಲೇ ದೇವರ ಪಟದ ಮುಂದೆ ನಿಂತು ನೋಡಿದೆ. ಎದುರಿನಿಂದ ಏನೂ ಆಗಲಿಲ್ಲ, ಒಪ್ಪಿದೆ. ಆದರೆ ಮೂವತ್ತು ಮೂವತ್ತೈದು ಡಿಗ್ರಿ ಓರೆಯಲ್ಲಿ ಕಿಟಕಿಯ ಪ್ರತಿಬಿಂಬ ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು. ಅಷ್ಟು ಓರೆಗೆ ವಿವರ ಏನೂ ಹೆಚ್ಚು ಹೋಗುವುದಿಲ್ಲ. ತೀರಾ ನಿಷ್ಪ್ರಯೋಜಕ ಎನ್ನಬೇಡಿ.

ಹಳೇ ಸ್ಟುಡಿಯೊ

ಅದು ಸರಿ. ನಾನು ಎದುರಿನಿಂದ ತೆಗೆಯುವುದರ ಬಗ್ಗೆ ಮಾತ್ರ ಹೇಳಿದೆ.

ಶಿರಸಿಯ ಮೊಮ್ಮಗಳು

ಎರಡು ವಾರದ ನಂತರ ಬರೆಯುತ್ತಿದ್ದೇನೆ. ಭುಜ ಕೂರಿಸಿದೆ, ಪರವಾಗಿಲ್ಲ ಎನ್ನುವಂತೆ ಬಂತು. ಆದರೂ ಸಮಾಧಾನವಾಗಲಿಲ್ಲ, ಮತ್ತೆ ಊರಿಗೆ ಹೋದೆ. ಚಿಕ್ಕಪ್ಪ ಫೋಟೊವನ್ನು ಗೋಡೆಯಿಂದ ಇಳಿಸಲು ಒಪ್ಪಲಿಲ್ಲ, ದಿನವೂ ಹೂವು ಹಾಕುವ ಪಟ. ಹಾಗಾಗಿ ಇದ್ದಲ್ಲೇ ತೆಗೆಯಬೇಕಾಯಿತು.

ಹಳೇ ಸ್ಟುಡಿಯೊ ಸರ್ ಖಾಸಗಿಯಾಗಿ ಹೇಳಿಕೊಟ್ಟ ಉಪಾಯವನ್ನು ಇಲ್ಲೂ ಬರೆಯುತ್ತೇನೆ. ಕ್ಯಾಮೆರಾ ಇಡುವ ಜಾಗದಲ್ಲಿ ಕಣ್ಣಿಟ್ಟು, ಫೋಟೊವನ್ನು ಬಿಟ್ಟು ಗಾಜಿನಲ್ಲಿ ಏನೇನು ಕಾಣುತ್ತದೆ ಎಂದು ನೋಡಬೇಕು. ಕಂಡದ್ದನ್ನೆಲ್ಲ ಒಂದೊಂದಾಗಿ ಕಪ್ಪು ಮಾಡುತ್ತ ಹೋಗಬೇಕು. ಹೆಬ್ಬಾಗಿಲು ಮುಚ್ಚಿ ಅದರ ಮೇಲೆ ಕರಿ ಕಂಬಳಿ ಇಳಿಬಿಟ್ಟೆವು. ಟ್ಯೂಬ್‌ಲೈಟ್ ಆರಿಸಿದೆವು. ಎಡಗಡೆಯ ಪಕ್ಕದ ಕಿಟಕಿಯಿಂದ ಮಾತ್ರ ಬೆಳಕು, ಅದು ಫೋಟೊದ ಮೇಲೆ ಓರೆಯಾಗಿ ಬಿದ್ದು ಆಚೆ ಹೋಗುತ್ತದೆ, ನನ್ನ ಕಡೆಗೆ ಬರುವುದಿಲ್ಲ. ಇನ್ನೊಂದು ಕಂಬಳಿಗೆ ತೂತು ಮಾಡಲು ಚಿಕ್ಕಮ್ಮ ಬಿಡಲಿಲ್ಲ. ಕಪ್ಪು ರಟ್ಟಿಗೆ ತೂತು ಕೊರೆದು ಅದರಲ್ಲಿ ಲೆನ್ಸ್ ಮಾತ್ರ ಇಣುಕುವಂತೆ ಹಿಡಿದುಕೊಂಡೆ. ಮೊಬೈಲನ್ನು ಸ್ಟೂಲಿನ ಮೇಲಿನ ಡಬ್ಬಿಗೆ ಆನಿಸಿ, ಎಕ್ಸ್‌ಪೋಷರ್ ಲಾಕ್ ಮಾಡಿ, ಮೂರು ಸೆಕೆಂಡಿನ ಟೈಮರ್ ಇಟ್ಟು ತೆಗೆದೆ.

ಮೊದಲ ಸಲ ಫೋಟೊದ ಕೆಳಗೆ ಎರಡು ಬಿಳಿ ಚುಕ್ಕೆಗಳು ಬಂದವು. ಏನೆಂದು ಅರ್ಧ ಗಂಟೆ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಕಂಬಳಿ ಹಿಡಿದು ನಿಂತಿದ್ದ ಚಿಕ್ಕಪ್ಪನ ಪಾದಗಳು. ಅವರನ್ನು ಅಡುಗೆಮನೆಗೆ ಕಳಿಸಿದ ಮೇಲೆ ಗಾಜು ಕಾಣದಂತಾಯಿತು. ಈ ಚಿತ್ರದಲ್ಲಿ ಕಳೆಯುವುದಕ್ಕೆ ಏನೂ ಇರಲಿಲ್ಲ. ಕೋಟು 36.

ಉಳಿದದ್ದು ಅಂಟಿಕೊಂಡ ಕಲೆಗಳು. ಅಜ್ಜನ ಮೊಣಕಾಲಿನ ಹತ್ತಿರ ನಕಾಶೆಯಂತೆ ಗಾಢ ಮಚ್ಚೆ ಈಗ ಇನ್ನೂ ಸ್ಪಷ್ಟವಾಗಿದೆ.

ಕಟ್ಟು ಹಾಕುವವ

ಅದು ಪ್ರತಿಬಿಂಬವಲ್ಲ, ಕಂಬಳಿಗೆ ಬಗ್ಗುವುದಿಲ್ಲ. ಅಂಟಿದ ಕಡೆ ಗಾಜಿನ ಹಿಂಬದಿ ಮತ್ತು ಫೋಟೊದ ನಡುವೆ ಗಾಳಿಯಿಲ್ಲ, ಆದ್ದರಿಂದ ಬಣ್ಣವೇ ಹೆಚ್ಚು ಗಾಢ.

ಆಜ್ಞಾಸಾಲು

ಮಚ್ಚೆಯ ಅಂಚು ಹಿಡಿದು ಮಾಸ್ಕ್ ಮಾಡಿ ಬೆಳಗಿಸಬಹುದು. ಅರ್ಧ ದಿನದ ಕೆಲಸ.

ಹಳೇ ಸ್ಟುಡಿಯೊ

ಮೊಣಕಾಲಿನ ಮೇಲಿನದಾದರೆ ಮಾಡಿ. ಮುಖದ ಮೇಲಿದ್ದರೆ ನಾನು ಮುಟ್ಟುತ್ತಿರಲಿಲ್ಲ. ಅಂಟಿದ ಭಾಗದ ಗಾಢತೆಯೇ ಮೂಲ ಫೋಟೊಕ್ಕೆ ಹತ್ತಿರ ಇರಬಹುದಲ್ಲ, ಯಾವುದನ್ನು ಯಾವುದಕ್ಕೆ ಹೊಂದಿಸುವುದು?

ಮಳೆಹನಿ

ಚಿತ್ರ ಹಾಕಿ, ನಾವೂ ನೋಡೋಣ. ಗಾಜಿನ ಮೇಲೆ ಕುಂಕುಮವೂ ಇದೆಯಲ್ಲವೇ, ಪೂಜೆಯ ಪಟ ಎಂದಿರಿ?

ಶಿರಸಿಯ ಮೊಮ್ಮಗಳು

ಇದೆ. ಎರಡು ಬೊಟ್ಟು, ಇಬ್ಬರ ಹಣೆಯ ಮೇಲೂ. ಅಜ್ಜಿಯದ್ದು ಸ್ವಲ್ಪ ಜಾರಿ ಹುಬ್ಬಿಗೆ ತಾಗಿದೆ. ಅದನ್ನು ಅಳಿಸಿ ಅಜ್ಜಿ ಇಟ್ಟುಕೊಂಡ ಕುಂಕುಮ ಮಾತ್ರ ಉಳಿಸು ಎಂದು ಅತ್ತೆ ಹೇಳುತ್ತಾರೆ. ಅಳಿಸಕೂಡದು ಎಂದು ಚಿಕ್ಕಪ್ಪ. ಇಬ್ಬರಿಗೂ ಒಂದೊಂದು ಪ್ರತಿ ಮುದ್ರಿಸಿ ಕೊಡುತ್ತೇನೆ ಎಂದಿದ್ದೇನೆ, ಜಗಲಿಯಲ್ಲಿ ಯಾವುದು ಎಂದು ಇನ್ನೂ ತೀರ್ಮಾನವಾಗಿಲ್ಲ.